ಜಪಾನಿ ಸಹೋದ್ಯೋಗಿಗೆ ತಲುಪಿಸುವ ಕೆಟ್ಟ ಸುದ್ದಿ: ನೇರ ಸಂದೇಶವನ್ನು ಹೊಂದಿಸುವ ಬಗೆ

ಕಚೇರಿಯ ಸಂದೇಶವನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಒಂದರಲ್ಲಿ ಹೇಳಬೇಕಾದದ್ದೆಲ್ಲ ಬರಹದಲ್ಲೇ ಇರುತ್ತದೆ. ಓದುವವರಿಗೆ ಹಿಂದುಮುಂದು ಗೊತ್ತಿಲ್ಲದಿದ್ದರೂ ತೊಂದರೆಯಾಗದು. ಇನ್ನೊಂದರಲ್ಲಿ ಬರಹ ಹೇಳುವುದು ಅರ್ಧ ಮಾತ್ರ. ಯಾರು ಯಾರಿಗೆ ಬರೆದರು, ಯಾವ ಹೊತ್ತಿನಲ್ಲಿ, ಯಾರೆದುರು, ಏನನ್ನು ಬರೆಯದೆ ಬಿಟ್ಟರು ಎಂಬುದರಿಂದ ಉಳಿದರ್ಧವನ್ನು ಓದುಗರೇ ತುಂಬಿಕೊಳ್ಳುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1976ರ ‘ಬಿಯಾಂಡ್ ಕಲ್ಚರ್’ ಪುಸ್ತಕದಲ್ಲಿ ಮೊದಲನೆಯದನ್ನು ಲೋ ಕಾಂಟೆಕ್ಸ್ಟ್, ಎರಡನೆಯದನ್ನು ಹೈ ಕಾಂಟೆಕ್ಸ್ಟ್ ಸಂವಹನ ಎಂದು ಕರೆದರು. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳನ್ನು ಒಂದು ತುದಿಯಲ್ಲೂ ಜಪಾನ್, ಚೀನಾಗಳನ್ನು ಇನ್ನೊಂದು ತುದಿಯಲ್ಲೂ ಇಡುವ ರೂಢಿ ಅಲ್ಲಿಂದ ಬೆಳೆಯಿತು.

ಇಂದಿನ ಕಂಪನಿಗಳ ಇಂಗ್ಲಿಷ್ ಇಮೇಲ್ ಹೆಚ್ಚಾಗಿ ಮೊದಲನೆಯ ಅಚ್ಚಿನದು. ತೀರ್ಮಾನ ಮೊದಲ ಸಾಲಿನಲ್ಲಿರಲಿ, ಕಾರಣ ಆಮೇಲೆ ಬರಲಿ ಎಂಬುದು ಅಮೆರಿಕದ ಸೇನೆಯ ಪತ್ರವ್ಯವಹಾರದ ನಿಯಮ. ಅದೇ ನಿಯಮ ವ್ಯವಹಾರ ಬರವಣಿಗೆಯ ತರಬೇತಿಗಳಲ್ಲೂ ಕೇಳಿಬರುತ್ತದೆ. ಸಮಯ ಉಳಿಸುವುದಕ್ಕೆ ಇದು ಒಳ್ಳೆಯ ನಿಯಮವೇ. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ತಂಡವೊಂದು ಇದೇ ಅಚ್ಚಿನಲ್ಲಿ ನಗೋಯಾದ ವಾಹನ ಬಿಡಿಭಾಗಗಳ ಕಂಪನಿಗೆ ಕೆಟ್ಟ ಸುದ್ದಿ ಬರೆದರೆ, ಸುದ್ದಿ ತಲುಪಿದರೂ ಕೆಲಸ ನಿಂತುಹೋಗಬಹುದು. ಪರೋಕ್ಷ ಸಂವಹನದ ದೇಶಗಳು ಹಲವು, ಅವುಗಳ ರೀತಿಗಳೂ ಬೇರೆಬೇರೆ. ಈ ಲೇಖನ ಜಪಾನಿನ ಜೊತೆಗಿನ ವ್ಯವಹಾರವನ್ನೇ ಮುಖ್ಯವಾಗಿ ನೋಡುತ್ತದೆ. ಈ ವಿಷಯದ ಬಹುಪಾಲು ಸಂಶೋಧನೆ ನಡೆದಿರುವ ದೇಶಗಳಲ್ಲಿ ಅದೂ ಒಂದು. ಬೆಂಗಳೂರಿಗೆ ಅದರೊಂದಿಗೆ ದಿನನಿತ್ಯದ ಕೊಡುಕೊಳ್ಳುವಿಕೆಯೂ ಇದೆ.

ಸುತ್ತು ಮಾತು, ಮಸುಕು ಮಾತು

ಪರೋಕ್ಷವಾಗಿ ಮಾತನಾಡುವವರು ಅಸ್ಪಷ್ಟವಾಗಿ ಮಾತನಾಡುತ್ತಾರೆ, ಆದ್ದರಿಂದ ಅವರಿಗೆ ಬರೆಯುವಾಗ ನಾವೂ ವಿಷಯವನ್ನು ಮಸುಕು ಮಾಡಬೇಕು ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಜಪಾನಿನ ಕಂಪನಿಗಳ ದಿನಚರಿ ನೋಡಿದರೆ ಇದು ನಿಲ್ಲುವುದಿಲ್ಲ. ಹೊಸದಾಗಿ ಸೇರಿದವರಿಗೆ ಅಲ್ಲಿ ಕಲಿಸುವ ಮೊದಲ ಪಾಠಗಳಲ್ಲಿ ‘ಹೋರೆನ್ಸೋ’ ಒಂದು. ವರದಿ ಮಾಡು, ಮಾಹಿತಿ ತಲುಪಿಸು, ಸಲಹೆ ಕೇಳು ಎಂಬ ಮೂರು ಪದಗಳ ಮೊದಲಕ್ಷರಗಳಿಂದ ಕಟ್ಟಿದ ಮಾತು ಅದು. 1980ರ ದಶಕದಲ್ಲಿ ಷೇರು ವ್ಯಾಪಾರದ ಕಂಪನಿಯೊಂದರ ಅಧ್ಯಕ್ಷರಾಗಿದ್ದ ಯಾಮಾಜಾಕಿ ತೊಮಿಜಿ ಅದನ್ನು ಜನಪ್ರಿಯಗೊಳಿಸಿದರು. (ಜಪಾನಿಯಲ್ಲಿ ಅದೇ ಪದ ಪಾಲಕ್ ಸೊಪ್ಪಿನ ಹೆಸರೂ ಆಗಿರುವುದರಿಂದ ನೆನಪಿಡುವುದು ಸುಲಭ.) ಕೆಲಸ ಅರ್ಧವಾದಾಗ ಒಮ್ಮೆ, ತೊಡಕು ಕಂಡಾಗ ಒಮ್ಮೆ, ಮುಗಿದಾಗ ಒಮ್ಮೆ ಹೇಳುತ್ತಿರಬೇಕೆಂಬ ಈ ನಿರೀಕ್ಷೆ ಭಾರತದ ಅನೇಕ ತಂಡಗಳಿಗೆ ಅತಿ ಎನಿಸುವಷ್ಟು ವಿವರವಾದದ್ದು.

ಟೊಯೋಟಾ ಕಾರ್ಖಾನೆಗಳ ‘ಆಂದೋನ್’ ಇನ್ನೂ ಒಳ್ಳೆಯ ಸಾಕ್ಷಿ. ಜೋಡಣೆಯ ಸಾಲಿನಲ್ಲಿ ನಿಂತ ಕಾರ್ಮಿಕರಿಗೆ ದೋಷ ಕಂಡರೆ ತಲೆಯ ಮೇಲಿನ ಹಗ್ಗ ಎಳೆಯುತ್ತಾರೆ, ದೀಪ ಹತ್ತುತ್ತದೆ, ಮೇಲ್ವಿಚಾರಕರು ಓಡಿಬರುತ್ತಾರೆ. ಅಷ್ಟರಲ್ಲಿ ದೋಷ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಬೆಂಗಳೂರಿನ ಹೊರವಲಯದ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯೂ ಇದೇ ಉತ್ಪಾದನಾ ಪದ್ಧತಿಯ ಕುಟುಂಬಕ್ಕೆ ಸೇರಿದ್ದು. ಕೆಟ್ಟ ಸುದ್ದಿಯನ್ನು ಇದಕ್ಕಿಂತ ನೇರವಾಗಿ, ಇದಕ್ಕಿಂತ ಬೇಗ ಹೇಳುವ ವ್ಯವಸ್ಥೆ ಸಿಗುವುದು ಕಷ್ಟ. ಗಮನಿಸಬೇಕಾದ ಅಂಶವೆಂದರೆ, ಸುದ್ದಿಯನ್ನು ಹೇಳಿದ್ದು ದೀಪ. ಯಾರೂ ಯಾರಿಗೂ ‘ನಿನ್ನಿಂದ ತಪ್ಪಾಯಿತು’ ಎನ್ನಲಿಲ್ಲ. ಸುದ್ದಿ ಪೂರ್ತಿ ಸ್ಪಷ್ಟವಾಗಿದೆ, ಮರ್ಯಾದೆಗೆ ಬೀಳುವ ಪೆಟ್ಟು ಮಾತ್ರ ಇಲ್ಲ.

ಹೊಂದಿಸುವ ಕೆಲಸದ ತಿರುಳು ಇಲ್ಲೇ ಸಿಗುತ್ತದೆ. ದಿನಾಂಕ, ಪ್ರಮಾಣ, ಪರಿಣಾಮ ಇವುಗಳನ್ನು ಮೆತ್ತಗೆ ಮಾಡಬೇಕಿಲ್ಲ. ಯಾರ ತಪ್ಪು, ಯಾರೆದುರು, ಯಾವ ಹೊತ್ತಿನಲ್ಲಿ, ಒಪ್ಪುವುದಕ್ಕೋ ಬೇಡವೆನ್ನುವುದಕ್ಕೋ ಎಷ್ಟು ಜಾಗ ಎಂಬುವನ್ನು ಬದಲಿಸಬೇಕು. ‘ದಯವಿಟ್ಟು’ಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಸಂದೇಶ ಹೊಂದಿಕೊಳ್ಳುವುದಿಲ್ಲ.

ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಭಾಷಾವಿಜ್ಞಾನಿಗಳು 1978ರಲ್ಲಿ ಮಂಡಿಸಿ 1987ರಲ್ಲಿ ಪುಸ್ತಕವಾಗಿ ತಂದ ಸೌಜನ್ಯ ಸಿದ್ಧಾಂತ ಇದಕ್ಕೊಂದು ಲೆಕ್ಕ ಕೊಡುತ್ತದೆ. ಒಂದು ಕೋರಿಕೆ ಅಥವಾ ಟೀಕೆ ಎಷ್ಟು ಭಾರವಾಗುತ್ತದೆ ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಇಬ್ಬರ ನಡುವಿನ ಅಂತರ, ಅಧಿಕಾರದ ಏರುಪೇರು, ಕೇಳುತ್ತಿರುವ ವಿಷಯದ ತೂಕ. ಜಪಾನಿನ ವಿದ್ವಾಂಸರಿಗೆ ಇದು ಸಾಕೆನಿಸಲಿಲ್ಲ. ಮಾತ್ಸುಮೊತೊ ಯೋಶಿಕೊ 1988ರಲ್ಲೂ, ಇದೆ ಸಾಚಿಕೊ 1989ರಲ್ಲೂ ಬೇರೆ ವಾದ ಹೂಡಿದರು. ಅವರ ಪ್ರಕಾರ ಜಪಾನಿ ಸೌಜನ್ಯ ಆಡುವವರ ಜಾಣತನದ ಆಯ್ಕೆ ಮಾತ್ರವಲ್ಲ. ತಾನು ಎಲ್ಲಿ ನಿಂತಿದ್ದೇನೆ, ಎದುರಿನವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಗುರುತಿಸಿ ತೋರಿಸುವ ಕಡ್ಡಾಯ. ಆ ಗುರುತು ಜಪಾನಿಯಲ್ಲಿ ಕ್ರಿಯಾಪದದ ಗೌರವರೂಪಗಳಲ್ಲೇ ಕೂತಿರುತ್ತದೆ. ಅದೇ ವ್ಯಕ್ತಿಗಳು ಇಂಗ್ಲಿಷ್‌ನಲ್ಲಿ ಬರೆದುಕೊಳ್ಳುವಾಗ ಆ ಪದರ ಕಳಚಿಹೋಗುತ್ತದೆ. ಕಳೆದುಕೊಂಡದ್ದನ್ನು ಸಂದೇಶದ ಕಟ್ಟಡದಿಂದಲೇ ತುಂಬಬೇಕಾಗುತ್ತದೆ.

ಒಂದು ಸಂದೇಶದ ಮರುಜೋಡಣೆ

ಒಂದು ಕಲ್ಪಿತ ಪ್ರಸಂಗವನ್ನು ಬಿಡಿಸಿ ನೋಡಬಹುದು. ಬೆಂಗಳೂರಿನ ತಂಡ ಕಾರಿನ ಡ್ಯಾಶ್‌ಬೋರ್ಡ್ ಪರದೆಗಳ ಸಾಫ್ಟ್‌ವೇರ್ ಬರೆಯುತ್ತಿದೆ. ಒಟ್ಟು 24 ಪರದೆಗಳು, ಒಪ್ಪಿಸಬೇಕಾದ ದಿನ ಮಾರ್ಚ್ 26. ಎಚ್ಚರಿಕೆ ದೀಪಗಳ ವಿವರಣೆಯನ್ನು ನಗೋಯಾದ ತಂಡ ಮಾರ್ಚ್ 12ರಂದು ಬದಲಿಸಿ ಕಳಿಸುತ್ತದೆ. 9 ಪರದೆಗಳನ್ನು ಮತ್ತೆ ಬರೆಯಬೇಕು. ಬರೆಯಲು 6, ಪರೀಕ್ಷಿಸಲು 10, ಒಟ್ಟು 16 ಕೆಲಸದ ದಿನ. ನಡುವೆ ರಜೆಗಳನ್ನೂ ಸೇರಿಸಿಕೊಂಡರೆ ಏಪ್ರಿಲ್ 9. ಪ್ರಾಜೆಕ್ಟ್ ಮ್ಯಾನೇಜರ್ ಒಂದು ವಾರ ಲೆಕ್ಕ ಹಾಕಿ, ಮಾರ್ಚ್ 19ರ ಸಂಜೆ 5ಕ್ಕೆ ಎರಡೂ ಕಡೆಯ 14 ಜನರಿಗೆ, ನಗೋಯಾದ ವಿಭಾಗ ಮುಖ್ಯಸ್ಥರನ್ನೂ ಸೇರಿಸಿ, ಹೀಗೆ ಬರೆಯುತ್ತಾರೆ:

“ನೀವು ವಿವರಣೆಯನ್ನು ತಡವಾಗಿ ಬದಲಿಸಿದ್ದರಿಂದ ಮಾರ್ಚ್ 26ಕ್ಕೆ ಡೆಲಿವರಿ ಸಾಧ್ಯವಿಲ್ಲ. ಹೊಸ ದಿನಾಂಕ ಏಪ್ರಿಲ್ 9. ನಾಳೆಯೊಳಗೆ ಒಪ್ಪಿಗೆ ತಿಳಿಸಿ.”

ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೂ ನಾಲ್ಕು ಕಡೆ ಇದು ಎಡವುತ್ತದೆ. ನಗೋಯಾದಲ್ಲಿ ಬೆಂಗಳೂರಿನ ತಂಡದೊಡನೆ ವ್ಯವಹರಿಸುವ ಒಬ್ಬ ಎಂಜಿನಿಯರ್ ಇರುತ್ತಾರೆ; ಜಪಾನಿ ಕಂಪನಿಗಳಲ್ಲಿ ಹೊರಗಿನವರಿಗೆ ಹೀಗೊಬ್ಬರನ್ನು ಗೊತ್ತುಮಾಡುವುದು ವಾಡಿಕೆ. ಅವರಿಗೆ ಸುದ್ದಿ ಗೊತ್ತಾಗುವ ಹೊತ್ತಿಗೇ ಅವರ ಮೇಲಿನವರಿಗೂ ಗೊತ್ತಾಯಿತು. ತಾವು ನೋಡಿಕೊಳ್ಳಬೇಕಿದ್ದ ವಿಷಯ ತಮಗೇ ತಿಳಿದಿರಲಿಲ್ಲ ಎಂಬುದು ಎಲ್ಲರೆದುರು ಬಯಲಾಯಿತು. ಎರಡನೆಯದಾಗಿ ಮೊದಲ ಪದವೇ ದೂಷಣೆ. ಮೂರನೆಯದು ಹೊತ್ತು: ಭಾರತಕ್ಕಿಂತ ಜಪಾನ್ ಮೂರೂವರೆ ಗಂಟೆ ಮುಂದಿದೆ, ಬೆಂಗಳೂರಿನ ಸಂಜೆ 5 ಅಲ್ಲಿ ರಾತ್ರಿ ಎಂಟೂವರೆ. ‘ನಾಳೆಯೊಳಗೆ’ ಎಂದರೆ ಅವರಿಗೆ ಉಳಿದದ್ದು ಒಂದೇ ದಿನ. ಜಪಾನಿನ ದೊಡ್ಡ ಕಂಪನಿಗಳಲ್ಲಿ ಇಂಥ ಒಪ್ಪಿಗೆ ಒಬ್ಬರ ಕೈಯಲ್ಲಿರುವುದಿಲ್ಲ. ಸಂಬಂಧಪಟ್ಟವರನ್ನೆಲ್ಲ ಬೇರೆಬೇರೆಯಾಗಿ ಮೊದಲೇ ಮಾತನಾಡಿಸಿ ಹದ ಮಾಡಿಕೊಳ್ಳುವ ‘ನೆಮವಾಶಿ’ ಆಗಬೇಕು, ಎಷ್ಟೋ ಕಡೆ ‘ರಿಂಗಿ’ ಎಂಬ ಟಿಪ್ಪಣಿ ಹಲವರ ಮೊಹರು ಪಡೆದು ಮೇಲೆ ಹೋಗಬೇಕು.

ನಾಲ್ಕನೆಯದು ಭಾಷೆಗೇ ಸೇರಿದ್ದಲ್ಲ, ಎಲ್ಲಕ್ಕಿಂತ ದೊಡ್ಡದೂ ಅದೇ. ಜಪಾನಿನ ಹೆಚ್ಚಿನ ಕಂಪನಿಗಳ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಸರಕನ್ನು ಪರಿಶೀಲಿಸಿ ‘ಸ್ವೀಕರಿಸಿದೆವು’ ಎಂದು ದಾಖಲಿಸುವ ಕ್ರಮ ಮಾರ್ಚ್ ಒಳಗೆ ಮುಗಿಯದಿದ್ದರೆ ಆ ಖರ್ಚು ಮುಂದಿನ ವರ್ಷದ ಬಜೆಟ್ಟಿಗೆ ಹೋಗುತ್ತದೆ. ಬೆಂಗಳೂರಿಗೆ ಎರಡು ವಾರದ ತಡವಾಗಿ ಕಂಡದ್ದು ನಗೋಯಾಕ್ಕೆ ಬೇರೆ ವರ್ಷದ ಲೆಕ್ಕ. ಭಾರತದ ಹಣಕಾಸು ವರ್ಷವೂ ಅದೇ ದಿನ ಮುಗಿಯುವುದರಿಂದ ಇದು ಬೆಂಗಳೂರಿಗೆ ಹೊಳೆಯದ ಸಂಗತಿಯೇನೂ ಅಲ್ಲ, ಕೇಳಿಕೊಂಡಿರಲಿಲ್ಲ, ಅಷ್ಟೆ. ಹೈ ಕಾಂಟೆಕ್ಸ್ಟ್ ಎನ್ನುವಾಗ ‘ಕಾಂಟೆಕ್ಸ್ಟ್’ ಎಂದರೆ ಬಹಳ ಸಲ ಇಂಥದ್ದೇ. ಅದರಲ್ಲಿ ನಿಗೂಢವಾದದ್ದು ಕಡಿಮೆ. ಎಲ್ಲರಿಗೂ ಗೊತ್ತಿರುತ್ತದೆಂದು ಯಾರೂ ಬಾಯಿಬಿಟ್ಟು ಹೇಳದ ಕಚೇರಿಯ ವಾಸ್ತವವೇ ಹೆಚ್ಚು.

ಹೊಂದಿಸುವ ಕೆಲಸ ಆದ್ದರಿಂದ ಬರೆಯುವ ಮುಂಚೆಯೇ ಶುರುವಾಗುತ್ತದೆ. ಲೆಕ್ಕ ಪೂರ್ತಿಯಾಗುವ ತನಕ ಕಾಯದೆ, 13ರ ಬೆಳಗ್ಗೆ ಹತ್ತೂವರೆಗೆ, ಅಂದರೆ ಅಲ್ಲಿನ ಮಧ್ಯಾಹ್ನ 2ಕ್ಕೆ, ಆ ಎಂಜಿನಿಯರ್‌ಗೆ ಒಂದು ಕರೆ. ‘ಹೊಸ ವಿವರಣೆ ಬಂತು. ಓದುತ್ತಿದ್ದೇವೆ. 26ರ ಮೇಲೆ ಪರಿಣಾಮ ಆಗುವ ಹಾಗೆ ಕಾಣುತ್ತಿದೆ. ಲೆಕ್ಕ 16ಕ್ಕೆ ಕೊಡುತ್ತೇವೆ. ನಿಮ್ಮ ಕಡೆ ಮಾರ್ಚ್ ಒಳಗೆ ಆಗಲೇಬೇಕಾದದ್ದು ಏನಿದೆ?’ ಈ ಕರೆಯಿಂದ ಎರಡು ಲಾಭ. ಸ್ವೀಕೃತಿಯ ತೊಡಕು ಬೆಂಗಳೂರಿಗೆ ತಿಳಿಯುತ್ತದೆ, ಆ ಎಂಜಿನಿಯರ್‌ಗೆ ತಮ್ಮ ಮೇಲಿನವರನ್ನು ತಾವೇ ಸಿದ್ಧಪಡಿಸಲು ಸಮಯ ಸಿಗುತ್ತದೆ. ಬರಹದಲ್ಲಿ ಹೋಗುವ ಪತ್ರದ ಕರಡನ್ನೂ ಅವರಿಗೆ ಮೊದಲು ತೋರಿಸುವ ತಂಡಗಳುಂಟು. ಅವರು ಒಂದೆರಡು ಸಾಲು ಬದಲಿಸಿ ಎಂದರೆ, ಅಂಥ ತಿದ್ದುಪಡಿಗೆ ಸಾಮಾನ್ಯವಾಗಿ ಬೆಂಗಳೂರಿಗೆ ಕಾಣದ ಕಾರಣ ಇರುತ್ತದೆ.

ಆಮೇಲೆ 16ರಂದು ಎಲ್ಲರಿಗೂ ಹೋಗುವ ಪತ್ರ:

“ಎಂದಿನಂತೆ ನಿಮ್ಮ ಸಹಕಾರಕ್ಕೆ ವಂದನೆಗಳು. ಎಚ್ಚರಿಕೆ ದೀಪಗಳ ಹೊಸ ವಿವರಣೆ 12ರಂದು ತಲುಪಿತು. ಅದನ್ನು ಓದಿ ಕೆಲಸದ ಲೆಕ್ಕ ಹಾಕಿದ್ದೇವೆ. 24 ಪರದೆಗಳಲ್ಲಿ 15ಕ್ಕೆ ಯಾವ ಬದಲಾವಣೆಯೂ ಇಲ್ಲ. ಉಳಿದ 9ಕ್ಕೆ ಬರೆಯಲು 6, ಪರೀಕ್ಷಿಸಲು 10 ಕೆಲಸದ ದಿನ ಬೇಕು. ಹೀಗಾಗಿ ಈ 9 ಪರದೆಗಳು ಮಾರ್ಚ್ 26ಕ್ಕೆ ಸಿದ್ಧವಾಗುವುದಿಲ್ಲ. ಏಪ್ರಿಲ್ 9ಕ್ಕೆ ಸಿದ್ಧವಾಗುತ್ತವೆ. ನಿಮ್ಮ ವರ್ಷಾಂತ್ಯದ ಕ್ರಮಗಳಿಗೆ ಇದರಿಂದ ತೊಂದರೆಯಾಗಬಹುದೆಂದು ಎರಡು ದಾರಿ ಯೋಚಿಸಿದ್ದೇವೆ. ಒಂದು, 15 ಪರದೆಗಳನ್ನು ಪರೀಕ್ಷಾ ವರದಿಯೊಂದಿಗೆ 26ಕ್ಕೂ ಉಳಿದ 9ನ್ನು ಏಪ್ರಿಲ್ 9ಕ್ಕೂ ಒಪ್ಪಿಸುವುದು. ಎರಡು, 24ನ್ನೂ ಹಳೆಯ ವಿವರಣೆಯಂತೆ 26ಕ್ಕೆ ಒಪ್ಪಿಸಿ, ದೀಪಗಳ ಬದಲಾವಣೆಯನ್ನು ಏಪ್ರಿಲ್ 9ರ ಪರಿಷ್ಕರಣೆಯಾಗಿ ಕೊಡುವುದು. ಇವೆರಡೂ ಹೊಂದದಿದ್ದರೆ ಬೇರೆ ದಾರಿಯನ್ನೂ ಕೂತು ಚರ್ಚಿಸಬಹುದು. ಪರೀಕ್ಷಾ ತಂಡವನ್ನು 19ರ ಬೆಳಗ್ಗೆ ಕಾಯ್ದಿರಿಸಬೇಕಿದೆ. ಆದ್ದರಿಂದ 18ರ ಸಂಜೆಯೊಳಗೆ ನಿಮ್ಮ ಅಭಿಪ್ರಾಯ ಸಿಕ್ಕರೆ ಅನುಕೂಲ.”

ಮೊದಲಿನದಕ್ಕಿಂತ ಇದು ಎಷ್ಟೋ ಪಟ್ಟು ಉದ್ದ. ಆದರೂ ‘ಸಿದ್ಧವಾಗುವುದಿಲ್ಲ’ ಎಂಬ ಮಾತು ಹಾಗೇ ಉಳಿದಿದೆ. ಅದನ್ನು ‘ಸ್ವಲ್ಪ ಕಷ್ಟವಾಗಬಹುದು’ ಎಂದು ತಿದ್ದಿದ್ದರೆ ಪತ್ರ ಕೆಡುತ್ತಿತ್ತು. ಬದಲಾದದ್ದು ಅದು ಬಂದ ಜಾಗ: ಕಾರಣಗಳೆಲ್ಲ ಮುಗಿದು ಓದುಗರೇ ಆ ತೀರ್ಮಾನಕ್ಕೆ ಬಂದು ನಿಂತಾಗ ಅದು ಬರುತ್ತದೆ. ಈ ಅನುಕ್ರಮ ಜಪಾನಿಗೇ ಸೀಮಿತವೂ ಅಲ್ಲ. ರೇಡಿಯೋ ಆಸ್ಟ್ರೇಲಿಯಾದ ಚೀನೀ ವಿಭಾಗಕ್ಕೆ ಬಂದ ಕೋರಿಕೆಯ ಪತ್ರಗಳನ್ನು ಆಂಡಿ ಕರ್ಕ್‌ಪ್ಯಾಟ್ರಿಕ್ ಪರಿಶೀಲಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಗಳು ವಂದನೆ, ಸಂಬಂಧದ ಮಾತು, ಕಾರಣ, ಕೊನೆಗೆ ಕೋರಿಕೆ ಎಂಬ ಕ್ರಮದಲ್ಲೇ ಹೆಚ್ಚಾಗಿ ಸಾಗುತ್ತಿದ್ದವು. ಆ ಓದುಗರಿಗೆ ಕೋರಿಕೆ ಮೊದಲೇ ಬಂದರೆ ಅದು ಬುಡವಿಲ್ಲದ ಒರಟು ಮಾತು. ಅಮೆರಿಕದ ಓದುಗರಿಗೆ ಅದು ಕೊನೆಯಲ್ಲಿ ಬಂದರೆ ವಿಷಯ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಎರಡೂ ಬಗೆಯ ಓದುಗರಿರುವ ತಂಡಕ್ಕೆ ಪತ್ರ ಹೋಗುವಾಗ ವಿಷಯಸೂಚಿಯ ಸಾಲು ನೆರವಿಗೆ ಬರುತ್ತದೆ. ‘ಎಚ್ಚರಿಕೆ ದೀಪಗಳ ಬದಲಾವಣೆ: ಒಪ್ಪಿಸುವ ದಿನದ ಬಗ್ಗೆ ಸಮಾಲೋಚನೆ’ ಎಂದು ಅಲ್ಲಿ ಬರೆದರೆ ಅವಸರದವರಿಗೆ ವಿಷಯ ಸಿಗುತ್ತದೆ, ತೀರ್ಮಾನ ಹೇರಿದಂತೆಯೂ ಆಗುವುದಿಲ್ಲ.

‘ನೀವು ತಡ ಮಾಡಿದಿರಿ’ ಎಂಬುದು ‘12ರಂದು ತಲುಪಿತು’ ಎಂದಾಗಿರುವುದನ್ನೂ ನೋಡಬೇಕು. ದಿನಾಂಕ ದಾಖಲೆಯಲ್ಲಿ ಉಳಿದಿದೆ. ಮುಂದೆ ಒಪ್ಪಂದದ ಪ್ರಶ್ನೆ ಎದ್ದರೆ ಬೆಂಗಳೂರಿನ ತಂಡಕ್ಕೆ ಅಷ್ಟು ಸಾಕು. ತಡ ಯಾರದ್ದೆಂದು ಲೆಕ್ಕ ಹಾಕಲು ನಗೋಯಾದವರಿಗೂ ಬರುತ್ತದೆ. ಇನ್ನು ‘ಒಪ್ಪಿಗೆ ತಿಳಿಸಿ’ ಎಂಬುದು ಎರಡು ದಾರಿಗಳ ನಡುವಿನ ಆಯ್ಕೆಯಾಗಿದೆ. ಹೌದು ಅಥವಾ ಇಲ್ಲ ಎಂದು ಕೇಳುವ ಪ್ರಶ್ನೆಗೆ ‘ಇಲ್ಲ’ ಎನ್ನಲು ಹಿಂಜರಿಯುವವರು ಮೌನವಾಗುತ್ತಾರೆ ಅಥವಾ ಹೌದೆಂದು ಹೇಳಿ ಸುಮ್ಮನಾಗುತ್ತಾರೆ. ಆಯ್ಕೆ ಕೊಟ್ಟಾಗ ಒಂದನ್ನು ಬೇಡವೆನ್ನಲು ಇನ್ನೊಂದನ್ನು ಹೊಗಳಿದರೆ ಸಾಕಾಗುತ್ತದೆ.

ಉತ್ತರವನ್ನು ಓದುವುದು

ಸಂದೇಶ ಹೊಂದಿಸುವುದರ ಇನ್ನೊಂದು ಮುಖ ಮರುತ್ತರವನ್ನು ಸರಿಯಾಗಿ ಓದುವುದು. ಇಲ್ಲದಿದ್ದರೆ ಮುಂದಿನ ಸಂದೇಶ ಮತ್ತೆ ತಪ್ಪುತ್ತದೆ. ‘ಪರಿಶೀಲಿಸುತ್ತೇವೆ’ ಎಂಬ ಜಪಾನಿನ ಉತ್ತರ ನಿಜವಾದ ಪರಿಶೀಲನೆಯೂ ಆಗಿರಬಹುದು, ನಯವಾದ ನಿರಾಕರಣೆಯೂ ಆಗಿರಬಹುದು. ಬೇರೆ ಮಾಡುವ ಗುರುತು ಜೊತೆಗಿನ ವಿವರದಲ್ಲಿದೆ. ‘ಗುಣಮಟ್ಟ ವಿಭಾಗದವರೊಂದಿಗೆ ಮಾತನಾಡಿ 18ಕ್ಕೆ ತಿಳಿಸುತ್ತೇವೆ’ ಎಂದಿದ್ದರೆ ಕೆಲಸ ನಡೆಯುತ್ತಿದೆ. ದಿನಾಂಕವಿಲ್ಲದೆ, ಯಾರ ಹೆಸರೂ ಇಲ್ಲದೆ, ಒಂದು ಪ್ರಶ್ನೆಯೂ ಇಲ್ಲದೆ ‘ಪರಿಶೀಲಿಸುತ್ತೇವೆ’ ಎಂದಷ್ಟೇ ಬಂದರೆ ಅದು ಬಹುಮಟ್ಟಿಗೆ ಬೇಡವೆಂದೇ ಅರ್ಥ. ‘ಸ್ವಲ್ಪ ಕಷ್ಟ’ ಎಂಬುದನ್ನು ಭಾರತದ ತಂಡ ‘ಕಷ್ಟ, ಆದರೆ ಆಗುತ್ತದೆ’ ಎಂದು ಓದುತ್ತದೆ. ಜಪಾನಿನ ಕಚೇರಿಯಲ್ಲಿ ಅದು ಬಾಗಿಲು ಮುಚ್ಚಿದ ಸದ್ದು. ಉತ್ತರ ಕೊಟ್ಟ ಮೇಲೂ ಅದೇ ಪ್ರಶ್ನೆ ಮತ್ತೆ ಬಂದರೆ ಕೇಳಿದವರು ಮರೆತರೆಂದು ತಿಳಿಯಬಾರದು. ಮೊದಲ ಉತ್ತರ ಅವರಿಗೆ ಸಾಲಲಿಲ್ಲ. ಅದನ್ನೇ ನಕಲಿಸಿ ಕಳಿಸುವುದು ಇಲ್ಲಿ ಮಾಡಬಹುದಾದ ಅತ್ಯಂತ ಕೆಟ್ಟ ಕೆಲಸ. ಹಿಂದಿನ ಕಾರಣವನ್ನು ಇನ್ನೊಂದು ಹೆಜ್ಜೆ ಆಳಕ್ಕೆ ಒಯ್ದು ಬರೆಯಬೇಕು.

ಸಂದೇಹ ಉಳಿದಾಗ ‘ಹಾಗಾದರೆ ನೀವು ಒಪ್ಪುವುದಿಲ್ಲವೆಂದು ತಿಳಿಯಬಹುದೇ?’ ಎಂದು ಕೇಳುವುದರಿಂದ ಹಿಂದಿನ ಶ್ರಮವೆಲ್ಲ ವ್ಯರ್ಥ. ಮುಂದಿನ ಹೆಜ್ಜೆಯ ಬಗ್ಗೆ ಕೇಳುವುದು ಮೇಲು: ‘ಎರಡನೆಯ ದಾರಿಯಲ್ಲಿ ಹೋಗುವುದಾದರೆ ನಿಮ್ಮಲ್ಲಿ ಮೊದಲು ಯಾವ ಕ್ರಮ ಆಗಬೇಕು, ಅದಕ್ಕೆ ಎಷ್ಟು ದಿನ?’ ಒಪ್ಪಿದವರ ಬಳಿ ಇದಕ್ಕೆ ಉತ್ತರ ಇರುತ್ತದೆ. ಒಪ್ಪದವರಿಂದ ಬರುವುದು ಮತ್ತೊಂದು ನಯವಾದ ಮಸುಕು, ಅದೇ ಉತ್ತರ.

ಇಂಗ್ಲಿಷ್‌ನಲ್ಲಿ ಬಂದ ಜಪಾನಿ ಸಂದೇಶಗಳಲ್ಲಿ ಇದರ ತಿರುವುಮುರುವೂ ಕಾಣಸಿಗುತ್ತದೆ. ‘ನಾಳೆಯೊಳಗೆ ಸರಿಪಡಿಸಿ ಕಳಿಸಿ’ ಎಂಬಂಥ ಬೋಳು ಸಾಲು ನಗೋಯಾದಿಂದಲೇ ಬಂದು ಬೆಂಗಳೂರಿನವರು ಕೋಪ ಮಾಡಿಕೊಳ್ಳುವುದುಂಟು. ಜಪಾನಿಯಲ್ಲಿ ಅದೇ ಸಾಲು ನಾಲ್ಕು ಗೌರವರೂಪಗಳಲ್ಲಿ ಸುತ್ತಿಕೊಂಡಿದ್ದಿರಬಹುದು. ಅನುವಾದದಲ್ಲಿ ಅವು ಉದುರಿದವು. ಒರಟುತನ ಅಲ್ಲಿ ಭಾಷೆಯದು, ಬರೆದವರದಲ್ಲ.

ಎರಡು ಸುತ್ತುಗಳು ಎದುರಾದಾಗ

ಬೆಂಗಳೂರಿನ ಎಂಜಿನಿಯರ್‌ಗಳನ್ನು ನೇರ ಮಾತಿನವರೆಂದು ಕರೆಯುವುದೂ ಪೂರ್ತಿ ಸರಿಯಲ್ಲ. ‘ನೋಡೋಣ’, ‘ಪ್ರಯತ್ನ ಮಾಡ್ತೀನಿ’, ‘ಹೇಳಿ ಕಳಿಸ್ತೀನಿ’ ಇವುಗಳ ಒಳಗಿನ ಇಲ್ಲವನ್ನು ಕೇಳಿಸಿಕೊಳ್ಳಲು ಕನ್ನಡದವರಿಗೆ ಪಾಠ ಬೇಕಿಲ್ಲ. ಮೇಲಧಿಕಾರಿಗೆ ಆಗುವುದಿಲ್ಲ ಎನ್ನುವಾಗ ಇಲ್ಲಿನವರೂ ಸುತ್ತಿಯೇ ಹೇಳುತ್ತಾರೆ. ನೇರವಾಗಿರುವುದು ಅವರು ಕಂಪನಿಯಲ್ಲಿ ಕಲಿತ ಇಂಗ್ಲಿಷ್ ಇಮೇಲ್. ಅಂತರರಾಷ್ಟ್ರೀಯ ತಂಡಗಳ ಬಗ್ಗೆ ಬರೆಯುವ ಎರಿನ್ ಮೇಯರ್ ‘ದ ಕಲ್ಚರ್ ಮ್ಯಾಪ್’ (2014) ಪುಸ್ತಕದಲ್ಲಿ ಹೇಳುವ ಒಂದು ಮಾತು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ: ತಪ್ಪು ತಿಳಿವಳಿಕೆಗೆ ಅತಿ ಹೆಚ್ಚು ಅವಕಾಶ ಇರುವುದು ಬೇರೆಬೇರೆ ಮೂಲದ ಎರಡು ಹೈ ಕಾಂಟೆಕ್ಸ್ಟ್ ಗುಂಪುಗಳ ನಡುವೆ. ಇಬ್ಬರೂ ಸೂಚನೆಯಲ್ಲಿ ಮಾತನಾಡುತ್ತಾರೆ, ಸೂಚನೆಯ ನಿಘಂಟು ಮಾತ್ರ ಬೇರೆ.

‘26ಕ್ಕೆ ಆಗುತ್ತದೆಯೇ?’ ಎಂಬ ಪ್ರಶ್ನೆಗೆ ಬೆಂಗಳೂರಿನಿಂದ ‘ಖಂಡಿತ ಪ್ರಯತ್ನಿಸುತ್ತೇವೆ’ ಎಂದು ಉತ್ತರ ಹೋಗುತ್ತದೆ. ಬರೆದವರ ಮನಸ್ಸಿನಲ್ಲಿ ಅದು ಅರ್ಧ ಇಲ್ಲ. ನಗೋಯಾದಲ್ಲಿ ಅದು ಮಾತು ಕೊಟ್ಟಂತೆ. ಅವರು ಅದನ್ನು ತಮ್ಮ ಮೇಲಿನವರಿಗೆ ವರದಿ ಮಾಡುತ್ತಾರೆ, ಮುಂದಿನ ಹಂತದ ವೇಳಾಪಟ್ಟಿಯೂ ಅದರ ಮೇಲೆ ನಿಲ್ಲುತ್ತದೆ. 26ಕ್ಕೆ ಕೆಲಸ ಆಗದಾಗ ಮುರಿಯುವುದು ದಿನಾಂಕ ಒಂದೇ ಅಲ್ಲ. ಹೀಗಾಗಿ ಬೆಂಗಳೂರಿನವರು ಎಷ್ಟೋ ಸಲ ಒಂದು ಕಡೆ ಹೆಚ್ಚು ಪರೋಕ್ಷವಾಗಬೇಕು, ಇನ್ನೊಂದು ಕಡೆ ಈಗಿರುವುದಕ್ಕಿಂತ ನೇರವಾಗಬೇಕು. ದೂಷಣೆ, ತಿದ್ದುಪಡಿ, ಭಿನ್ನಾಭಿಪ್ರಾಯಗಳಲ್ಲಿ ಸುತ್ತು ಬೇಕು. ಆಗುತ್ತದೋ ಇಲ್ಲವೋ ಎಂಬಲ್ಲಿ ಸುತ್ತು ಬೇಡ. ‘ಆಗುವ ಸಾಧ್ಯತೆ ಕಡಿಮೆ, ಕಾರಣ ಇದು, ಖಚಿತವಾಗಿ ಹೇಳಲು 16ರ ತನಕ ಬೇಕು’ ಎಂದು ಬರೆಯುವುದರಿಂದ ಯಾರ ಮರ್ಯಾದೆಗೂ ಕುಂದಿಲ್ಲ.

ಮೆತ್ತಗಾಗುವುದರ ಅಪಾಯ

ಕೋರಿಕೆಗಳ ಭಾಷೆಯನ್ನು ಅಧ್ಯಯನ ಮಾಡಿದ ಇಸ್ರೇಲಿನ ಶೋಶಾನಾ ಬ್ಲುಮ್-ಕುಲ್ಕಾ 1987ರಲ್ಲಿ ಪ್ರಕಟಿಸಿದ ಫಲಿತಾಂಶ ಈ ಕ್ಷೇತ್ರದ ಒಂದು ಸುಲಭ ನಂಬಿಕೆಯನ್ನು ಅಲುಗಾಡಿಸಿತು. ಹೀಬ್ರೂ ಮತ್ತು ಇಂಗ್ಲಿಷ್ ಮಾತನಾಡುವವರು ಅತ್ಯಂತ ಸೌಜನ್ಯದ್ದೆಂದು ಗುರುತಿಸಿದ್ದು ಬರೀ ಸುಳಿವನ್ನಲ್ಲ. ‘ಮಾಡಲು ಆಗುತ್ತದೆಯೇ’ ಎಂಬಂಥ, ಅರ್ಥ ತಕ್ಷಣ ತಿಳಿಯುವ ಪರೋಕ್ಷ ರೂಪವನ್ನು. ಒಗಟು ಬಿಡಿಸುವ ಹೊರೆಯನ್ನು ಕೇಳುಗರ ಮೇಲೆ ಹಾಕುವುದೂ ಒಂದು ಬಗೆಯ ಅಸೌಜನ್ಯವೇ. ಜಪಾನಿಗರ ತೀರ್ಪು ಇದೇ ಎಂದು ಅಲ್ಲಿಂದ ನೇರವಾಗಿ ಹೇಳಲಾಗದು. ಆದರೆ ಹೊರಗಿನವರು ಪರಭಾಷೆಯಲ್ಲಿ ಸುಳಿವು ಕೊಡಹೊರಟರೆ ಅದು ತಲುಪುವ ಭರವಸೆ ಇನ್ನೂ ಕಡಿಮೆ.

ಮೆತ್ತನೆ ಮಾತಿನ ಬೆಲೆ ಎಷ್ಟಾಗಬಹುದೆಂಬುದನ್ನು ವಿಮಾನಯಾನ ತೋರಿಸಿದೆ. 1982ರ ಜನವರಿ 13ರಂದು ಹಿಮ ಸುರಿಯುತ್ತಿದ್ದಾಗ ವಾಷಿಂಗ್ಟನ್ನಿನಿಂದ ಹೊರಟ ಏರ್ ಫ್ಲೋರಿಡಾ ವಿಮಾನ ಪೊಟೊಮ್ಯಾಕ್ ನದಿಯ ಸೇತುವೆಗೆ ಬಡಿದು ಬಿತ್ತು. 78 ಜನ ಸತ್ತರು. ಎಂಜಿನ್ ಮಾಪಕಗಳ ಓದು ಸರಿಯಿಲ್ಲವೆಂದು ಸಹಪೈಲಟ್ ಓಡುದಾರಿಯಲ್ಲಿ ಮತ್ತೆ ಮತ್ತೆ ಸೂಚಿಸಿದ್ದರು, ‘ನಿಲ್ಲಿಸಿ’ ಎಂದು ಹೇಳಲಿಲ್ಲ. ಭಾಷಾವಿಜ್ಞಾನಿ ಷಾರ್ಲಟ್ ಲಿಂಡಿ 1988ರಲ್ಲಿ ವಿಮಾನ ಅಪಘಾತಗಳ ಧ್ವನಿಮುದ್ರಿಕೆಗಳನ್ನು ಇಟ್ಟುಕೊಂಡು, ಕೆಳಗಿನವರು ಮೇಲಿನವರಿಗೆ ಮಾತನಾಡುವಾಗ ಮಾತು ಹೆಚ್ಚು ಮೆತ್ತಗಾಗುವುದನ್ನೂ ಮೆತ್ತಗಾದ ಮಾತು ಹೆಚ್ಚು ಸಲ ಸೋಲುವುದನ್ನೂ ತೋರಿಸಿದರು. ಆ ವಿಮಾನದ ಸಿಬ್ಬಂದಿ ಜಪಾನಿಗರಲ್ಲ, ಅಮೆರಿಕನ್ನರು. ಸುತ್ತಿ ಹೇಳುವುದು ದೇಶದ ಗುಣಕ್ಕಿಂತ ಏಣಿಯ ಗುಣವಾಗಿಯೂ ಇರುತ್ತದೆ ಎಂಬುದಕ್ಕೆ ಇದು ಗಟ್ಟಿ ಪುರಾವೆ.

ಗ್ರಾಹಕರ ಮಾಹಿತಿ ಸೋರಿದಾಗ, ಬ್ರೇಕಿಗೆ ಸಂಬಂಧಿಸಿದ ದೋಷ ಸಿಕ್ಕಾಗ ಮೇಲಿನ ಮರುಜೋಡಣೆಗೆ ಸಮಯವೂ ಇಲ್ಲ, ಅಗತ್ಯವೂ ಇಲ್ಲ. ಜಪಾನಿನ ಕಂಪನಿಗಳಲ್ಲೇ ಇಂಥ ಹೊತ್ತಿಗೆ ‘ಮೊದಲ ವರದಿ’ ಎಂಬ ಪ್ರತ್ಯೇಕ ರೂಪ ಇದೆ. ಏನಾಯಿತು, ಯಾವಾಗ, ಎಷ್ಟರ ಮಟ್ಟಿಗೆ, ಈಗ ಏನು ಮಾಡಲಾಗುತ್ತಿದೆ, ಮುಂದಿನ ವರದಿ ಎಷ್ಟು ಗಂಟೆಗೆ: ಇಷ್ಟೇ. ಕಾರಣ ಗೊತ್ತಾಗುವ ತನಕ ಕಾಯುವುದು ಅಲ್ಲಿ ತಪ್ಪು. ಈ ಹೆಸರಿನಡಿ ಕಳಿಸಿದ ನಾಲ್ಕು ಸಾಲಿನ ಸಂದೇಶ ಎಷ್ಟು ಬೋಳಾಗಿದ್ದರೂ ಒರಟೆನಿಸುವುದಿಲ್ಲ, ಅದರ ರೂಪವೇ ಅದಕ್ಕೆ ರಕ್ಷೆ. ಆಂದೋನ್ ದೀಪ ಮಾಡುವ ಕೆಲಸವನ್ನು ಬರಹದಲ್ಲಿ ಇದು ಮಾಡುತ್ತದೆ.

ದೇಶವೋ, ಕಂಪನಿಯೋ

ಹಾಲ್ ಹಾಕಿದ ವರ್ಗೀಕರಣ ಎಷ್ಟು ಗಟ್ಟಿ ಎಂಬ ಪ್ರಶ್ನೆ ಈಗ ಹಳೆಯದು. 2008ರಲ್ಲಿ ಪೀಟರ್ ಕಾರ್ಡನ್ ಈ ಮಾದರಿಯನ್ನು ಬಳಸಿದ ಬರಹಗಳನ್ನು ಪರಿಶೀಲಿಸಿ, ದೇಶಗಳನ್ನು ಯಾವ ಆಧಾರದ ಮೇಲೆ ಸಾಲಾಗಿ ಇಡಲಾಯಿತೆಂದು ಹಾಲ್ ಸರಿಯಾಗಿ ವಿವರಿಸಿಲ್ಲ, ಆಮೇಲಿನ ಅಧ್ಯಯನಗಳ ಬೆಂಬಲವೂ ದುರ್ಬಲ ಎಂದು ತೋರಿಸಿದರು. ವ್ಯವಹಾರ ಸಂವಹನದ ಪಠ್ಯಗಳಲ್ಲಿ ಮಾತ್ರ ಆ ಸಾಲು ಇಂದಿಗೂ ಅಲುಗಾಡದೆ ನಿಂತಿದೆ. ಒಂದೇ ದೇಶದ ಒಳಗೂ ವ್ಯತ್ಯಾಸ ಕಡಿಮೆಯಲ್ಲ. ರಾಕುತೆನ್ ಕಂಪನಿ 2010ರಲ್ಲಿ ಇಂಗ್ಲಿಷನ್ನು ಕಂಪನಿಯ ಭಾಷೆಯಾಗಿ ಘೋಷಿಸಿ 2012ರಿಂದ ಪೂರ್ತಿ ಜಾರಿಗೆ ತಂದಿತು. ಅಲ್ಲಿನ ಟೋಕಿಯೊ ಎಂಜಿನಿಯರ್‌ಗೆ ಬರೆಯುವುದಕ್ಕೂ ನಗೋಯಾದ ಹಳೆಯ ಬಿಡಿಭಾಗ ತಯಾರಕರಿಗೆ ಬರೆಯುವುದಕ್ಕೂ ಒಂದೇ ಅಳತೆ ಸಲ್ಲದು.

ಈ ಕಾರಣಕ್ಕೆ ಅನುಭವವುಳ್ಳ ತಂಡಗಳು ದೇಶದ ಹೆಸರನ್ನು ಮೊದಲ ಅಂದಾಜಾಗಿ ಮಾತ್ರ ಇಟ್ಟುಕೊಂಡು, ಕೆಲಸ ಶುರುವಾಗುವಾಗಲೇ ಕೆಲವನ್ನು ಮಾತನಾಡಿಕೊಳ್ಳುತ್ತವೆ: ಕೆಟ್ಟ ಸುದ್ದಿ ಮೊದಲು ಯಾರಿಗೆ, ಕರೆಯೋ ಬರಹವೋ, ಪ್ರತಿಯಲ್ಲಿ ಯಾರಿರಬೇಕು, ಒಂದು ತೀರ್ಮಾನಕ್ಕೆ ಅವರಲ್ಲಿ ಸಾಮಾನ್ಯವಾಗಿ ಎಷ್ಟು ದಿನ ಬೇಕು, ಯಾವುದನ್ನು ‘ಮೊದಲ ವರದಿ’ ಎನ್ನಬೇಕು. ಎರಡೂ ಭಾಷೆ ಬಲ್ಲ ‘ಬ್ರಿಡ್ಜ್ ಎಂಜಿನಿಯರ್’ ಇದ್ದರೆ ಇದು ಸುಲಭ. ಆದರೆ ಎಲ್ಲ ಸಂದೇಶವೂ ಆ ಒಬ್ಬರ ಮೂಲಕವೇ ಹೋದರೆ ಎರಡು ತೊಂದರೆ. ಅವರು ರಜೆ ಹಾಕಿದ ವಾರ ಕೆಲಸ ನಿಲ್ಲುತ್ತದೆ. ಎರಡೂ ಕಡೆಯನ್ನು ಸಮಾಧಾನದಲ್ಲಿಡಲು ಅವರೇ ಸುದ್ದಿಯನ್ನು ಮೆತ್ತಗೆ ಮಾಡತೊಡಗಿದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಪರೀಕ್ಷೆ ಸರಳ: ತಿಂಗಳಿಗೊಮ್ಮೆ ಎರಡೂ ತಂಡಗಳು ಬಾಕಿ ಕೆಲಸಗಳ ಪಟ್ಟಿಯನ್ನು ಬೇರೆಬೇರೆಯಾಗಿ ಬರೆದು ಹೋಲಿಸಿದರೆ, ದಿನಾಂಕಗಳು ಎಲ್ಲಿ ಬೇರೆಯಾಗಿವೆಯೋ ಅಲ್ಲಿ ಮಾತು ದಾರಿಯಲ್ಲಿ ಸೋರಿದೆ.

ಕೆಲವು ತಿಂಗಳಲ್ಲಿ ಸುತ್ತು ತಾನಾಗಿ ಕಡಿಮೆಯಾಗುತ್ತದೆ. ಎದುರಿನವರು ವಂದನೆಯ ಸಾಲು ಬಿಟ್ಟು ಬರೆಯತೊಡಗಿದಾಗ, ಅಧಿಕೃತ ಉತ್ತರಕ್ಕೆ ಮೊದಲು ಖಾಸಗಿಯಾಗಿ ‘ಮೇಲಿನವರು ಇದಕ್ಕೆ ಒಪ್ಪಲಿಕ್ಕಿಲ್ಲ’ ಎಂದು ಚಾಟ್‌ನಲ್ಲಿ ತಿಳಿಸಿದಾಗ, ಅವರಿಗೆ ಹೋಗುವ ದಿನನಿತ್ಯದ ಸಂದೇಶಗಳನ್ನು ಇಲ್ಲಿಂದಲೂ ಮೊಟಕಾಗಿಸಬಹುದು. ಆ ಸಲುಗೆ ಆ ಇಬ್ಬರ ನಡುವಿನದು ಮಾತ್ರ. ಅವರ ವಿಭಾಗ ಮುಖ್ಯಸ್ಥರೂ ಓದುವ ಪತ್ರದಲ್ಲಿ ಮೊದಲಿನ ಕಟ್ಟಡವೇ ಮುಂದುವರಿಯಬೇಕು. ಏಪ್ರಿಲ್‌ನಲ್ಲಿ ಜಪಾನಿನ ಕಂಪನಿಗಳು ಸಿಬ್ಬಂದಿಯನ್ನು ವಿಭಾಗದಿಂದ ವಿಭಾಗಕ್ಕೆ ವರ್ಗಾಯಿಸುವುದು ವಾಡಿಕೆ. ಹೊಸಬರು ಆ ಸ್ಥಾನಕ್ಕೆ ಬಂದಾಗ ವಂದನೆಯ ಸಾಲಿನಿಂದಲೇ ಮತ್ತೆ ಶುರುಮಾಡಬೇಕಾಗುತ್ತದೆ.